ನಸುಕಿನಲ್ಲಿ ಡಿಕಾಕ್ಷನ್ ಹಾಕುವ ತಾತನ ಕಥೆ ಬರೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ನಮ್ಮ ಕಥೆ ಓದುವ ಗುಂಪಿಗೆ ವರ್ಷದಲ್ಲಿ ನಾಲ್ಕೈದು ಸಲವಾದರೂ ಈ ಕಥೆ ಬರುತ್ತದೆ. ತಾತ ನಾಲ್ಕಕ್ಕೆ ಏಳುತ್ತಾನೆ, ಕೋಳಿ ಕೂಗುತ್ತದೆ, ಹಿತ್ತಾಳೆ ಫಿಲ್ಟರಿಗೆ ಪುಡಿ ಬೀಳುತ್ತದೆ, ಘಮ ಮನೆಯಿಡೀ ಹರಡುತ್ತದೆ, ಮೊಮ್ಮಕ್ಕಳು ಕಣ್ಣುಜ್ಜುತ್ತಾ ಬರುತ್ತಾರೆ. ಕೊನೆಯ ಪ್ಯಾರಾದಲ್ಲಿ ಒಂದು ಬೆಳಗ್ಗೆ ಘಮ ಬರುವುದಿಲ್ಲ. ತಾತ ಹೋಗಿಬಿಟ್ಟಿದ್ದಾನೆ. ಓದಿದವರೆಲ್ಲ ತಲೆಯಾಡಿಸಿ ಮುಂದಿನ ಕಥೆಗೆ ಹೋಗುತ್ತಾರೆ.

ಬರೆದವರಿಗೆ ತಾತನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವರು ತಾತನನ್ನು ನೋಡಿದ್ದರು, ಅವನು ಮಾಡುತ್ತಿದ್ದ ಕೆಲಸವನ್ನು ನೋಡಿರಲಿಲ್ಲ. ಹಾಗಾಗಿ ಈ ಕಥೆಯನ್ನು ಯಾವ ಕ್ರಮದಲ್ಲಿ ಕಟ್ಟಬೇಕು, ಎಲ್ಲೆಲ್ಲಿ ಜಾರುತ್ತದೆ ಎಂದು ಒಂದೇ ಉದಾಹರಣೆ ಹಿಡಿದು ಕೊನೆವರೆಗೆ ಬರೆಯುತ್ತೇನೆ. ಉದಾಹರಣೆಯ ಕಥೆ ನಡೆಯುವುದು ಮೈಸೂರಿನಲ್ಲಿ, 2025ರ ಫೆಬ್ರವರಿಯಲ್ಲಿ. ಮನೆಯಲ್ಲಿ ತಾತ, ಮಗ, ಸೊಸೆ ಸುಧಾ, ಎಂಟನೇ ತರಗತಿಯ ಮೊಮ್ಮಗಳು ಅನಘ, ಹಾಸಿಗೆ ಹಿಡಿಯದಿದ್ದರೂ ಬೆಳಗ್ಗೆ ತಡವಾಗಿ ಏಳುವ ಅಜ್ಜಿ. ಒಟ್ಟು ಐದು ಲೋಟ ಕಾಫಿ.

## ಬೇಕಾದ ಸಾಮಾನು

ಒಂದು ಸ್ಟೀಲ್ ಫಿಲ್ಟರ್, ಕಾಲು ಕೆ.ಜಿ. ಕಾಫಿಪುಡಿ, ಒಂದು ಗಡಿಯಾರ, ಒಂದು ಪುಟ್ಟ ಪುಸ್ತಕ. ಐದು ಬೆಳಗು. ಕಂಪ್ಯೂಟರ್ ಇನ್ನೂ ತೆರೆಯಬೇಡಿ.

ಹಿತ್ತಾಳೆ ಫಿಲ್ಟರೇ ಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು. ಹಿತ್ತಾಳೆಯದಕ್ಕೆ ಒಳಗೆ ಕಲಾಯಿ ಇರುತ್ತದೆ. ಕಲಾಯಿ ಎಂದರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ. ಮುಚ್ಚಿಹೋದ ತೂತು ಬಿಡಿಸಲು ತಾತ ಹಿತ್ತಾಳೆ ಫಿಲ್ಟರನ್ನು ಒಣಗಿದ್ದ ಹಾಗೇ ಉರಿಗೆ ಹಿಡಿದ ಎಂದು ಬರೆದ ಕಥೆಯೊಂದನ್ನು ಓದಿದ್ದೇನೆ. ಕಲಾಯಿ ಹಾಕಿಸಿದ ಯಾವ ತಾತನೂ ಹಾಗೆ ಮಾಡುವುದಿಲ್ಲ. ಹಳೆಯ ಕಾಲದ ಬಣ್ಣ ಬರಲೆಂದು ತಂದಿಟ್ಟ ಹಿತ್ತಾಳೆಯೇ ಕಥೆಗಾರನನ್ನು ಹಿಡಿದುಕೊಟ್ಟಿತು.

## ಹಂತ 1: ಐದು ದಿನ ನೀವೇ ಡಿಕಾಕ್ಷನ್ ಹಾಕಿ

ಈ ಹಂತವನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು. ಅವರ ತಾತಂದಿರು ಪುಡಿಯನ್ನು ನೀರಿಗೆ ಹಾಕಿ ಕುದಿಸುತ್ತಾರೆ, ಇಲ್ಲವೇ ಎರಡು ನಿಮಿಷದಲ್ಲಿ ಡಿಕಾಕ್ಷನ್ ಇಳಿಸಿಬಿಡುತ್ತಾರೆ.

ಐದು ಲೋಟಕ್ಕೆ ಲೆಕ್ಕ ಹೀಗೆ. ಪುಡಿ ಸುಮಾರು 40 ಗ್ರಾಂ, ಅಂದರೆ ಗೋಪುರವಾಗಿ ತುಂಬಿದ ಐದಾರು ಚಮಚ. ನೀರು ಸುಮಾರು 300 ಮಿ.ಲೀ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಸಿಗುವುದು 220 ಮಿ.ಲೀ. ಆಸುಪಾಸು. ಒಂದೊಂದು ಲೋಟಕ್ಕೆ ನಲವತ್ತು ಮಿ.ಲೀ. ಡಿಕಾಕ್ಷನ್, ಮೇಲೆ ನೂರು ಮಿ.ಲೀ. ಹಾಲು. ಐದು ಲೋಟ ಆದಮೇಲೆ ತಳದಲ್ಲಿ ಒಂದು ಗುಟುಕು ಉಳಿಯುತ್ತದೆ. ಆ ಗುಟುಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ಮೆಲ್ಲನೆ ತಟ್ಟಿ ಮಟ್ಟ ಮಾಡಿ. ಕೊಡೆಯಂತೆ ಹಿಡಿ ಇರುವ ತೂತಿನ ಬಿಲ್ಲೆಯನ್ನು ಮೇಲೆ ಕೂರಿಸಿ. ಕೂರಿಸಬೇಕು, ಅದುಮಬಾರದು. ಅದುಮಿದರೆ ನೀರು ಇಳಿಯುವುದಿಲ್ಲ. ಪುಡಿಯನ್ನು ತೀರಾ ಸಡಿಲ ಬಿಟ್ಟರೆ ನೀರು ಹಾಗೇ ಓಡಿಹೋಗಿ ಕೆಳಗೆ ಚಹದಂಥ ತೆಳು ನೀರು ನಿಲ್ಲುತ್ತದೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುರಿಯಿರಿ. ಪುಡಿ ಉಬ್ಬಿ ಬಿಲ್ಲೆಯನ್ನು ಒಂದಿಷ್ಟು ಮೇಲೆತ್ತುತ್ತದೆ. ಆಮೇಲೆ ಉಳಿದ ನೀರು, ಮುಚ್ಚಳ.

ಈಗ ಬರೆದುಕೊಳ್ಳಿ. ಮೊದಲ ಹನಿ ಖಾಲಿ ಸ್ಟೀಲಿನ ಮೇಲೆ ಬೀಳುವಾಗ ಶಬ್ದ ‘ಟಣ್’ ಅನ್ನುತ್ತದೆ. ತಳ ಮುಚ್ಚಿದ ಮೇಲೆ ಅದೇ ಹನಿ ‘ತೊಟ್’ ಆಗುತ್ತದೆ. ಮೊದಲ ಐದು ನಿಮಿಷ ಬೇಗ, ಆಮೇಲೆ ಒಂದೊಂದೇ. ಪೂರ್ತಿ ಇಳಿಯಲು ಇಪ್ಪತ್ತರಿಂದ ಮೂವತ್ತು ನಿಮಿಷ. ಘಮ ಎಲ್ಲಕ್ಕಿಂತ ಜೋರಾಗಿ ಬರುವುದು ನೀರು ಪುಡಿಗೆ ತಾಗಿದ ಆ ಅರ್ಧ ನಿಮಿಷದಲ್ಲಿ, ಕುಡಿಯುವ ಹೊತ್ತಿಗಲ್ಲ. ಮುಚ್ಚಳ ಹಾಕಿದ ಮೇಲೆ ಅಡುಗೆಮನೆ ದಾಟುವುದೇ ಕಷ್ಟ. ಮಹಡಿಯಲ್ಲಿ ಮಲಗಿದ ಮೊಮ್ಮಕ್ಕಳನ್ನು ಎಬ್ಬಿಸುವ ಘಮ ಕಥೆಗಳಲ್ಲಿ ಮಾತ್ರ ಇದೆ.

## ಹಂತ 2: ಕಥೆಯ ವೇಳಾಪಟ್ಟಿ ಮಾಡಿ

ಐದು ದಿನದ ಟಿಪ್ಪಣಿಯಿಂದ ಒಂದು ಬೆಳಗನ್ನು ನಿಮಿಷ ನಿಮಿಷವಾಗಿ ಬರೆಯಿರಿ. ನಮ್ಮ ಕಥೆಯದು ಹೀಗೆ:

4:40: ತಾತ ಏಳುತ್ತಾನೆ.
4:50: ಒಲೆಯ ಮೇಲೆ ನೀರು.
4:57: ಪುಡಿಗೆ ನೀರು.
5:10: ಅನಘಳನ್ನು ಓದಲು ಎಬ್ಬಿಸುತ್ತಾನೆ, ವಾರ್ಷಿಕ ಪರೀಕ್ಷೆ ಹತ್ತಿರವಿದೆ.
5:15: ಹಾಲಿನ ಬೂತಿಗೆ ಹೊರಡುತ್ತಾನೆ.
5:35: ವಾಪಸ್ಸು.
5:50: ಹಾಲು ಉಕ್ಕುತ್ತದೆ.
6:00: ಮಗ, ಸೊಸೆ ಏಳುತ್ತಾರೆ.

ಈ ಪಟ್ಟಿಯಲ್ಲಿ ಕಥೆ ಎಲ್ಲಿದೆ ನೋಡಿ. 5:15ರಿಂದ 5:35ರವರೆಗೆ ಡಿಕಾಕ್ಷನ್ ತನ್ನ ಪಾಡಿಗೆ ಇಳಿಯುತ್ತಿದೆ, ತಾತ ಮನೆಯಲ್ಲಿಲ್ಲ, ಅಡುಗೆಮನೆಯ ಪಕ್ಕದಲ್ಲಿ ಒಬ್ಬಳು ಹುಡುಗಿ ಎಚ್ಚರವಾಗಿದ್ದಾಳೆ. ಆ ಇಪ್ಪತ್ತು ನಿಮಿಷವನ್ನು ನಾನು ಕಲ್ಪಿಸಿದ್ದಲ್ಲ, ಫಿಲ್ಟರೇ ಕೊಟ್ಟದ್ದು. ಡಿಕಾಕ್ಷನ್ ಎರಡೇ ನಿಮಿಷಕ್ಕೆ ಇಳಿಯುತ್ತದೆ ಎಂದು ನಂಬಿದವರಿಗೆ ಈ ಕಥೆ ಸಿಗುವುದೇ ಇಲ್ಲ.

ಎಚ್ಚರಿಕೆ: ಬೆಳಕನ್ನು ನೋಡಿಕೊಳ್ಳಿ. ಮೈಸೂರಿನಲ್ಲಿ ಫೆಬ್ರವರಿ ನಡುವಿನಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಜೂನ್‌ನಲ್ಲಿ ಕೂಡ ಆರರ ಹತ್ತಿರ. ಆದರೂ ಐದು ಗಂಟೆಗೆ ಕಿಟಕಿಯಿಂದ ಎಳೆಬಿಸಿಲು ಬೀಳುವ ಕಥೆಗಳು ಬರುತ್ತಲೇ ಇರುತ್ತವೆ. ನಮ್ಮ ಕಥೆ ಇಡೀ ಕತ್ತಲಲ್ಲೇ ಮುಗಿಯುತ್ತದೆ. ಇರುವ ಬೆಳಕೆಂದರೆ ಅಡುಗೆಮನೆಯ ಟ್ಯೂಬ್‌ಲೈಟ್, ಅನಘಳ ಮೇಜಿನ ದೀಪ, ಹಿಂದಿನ ಬಾಗಿಲಾಚೆ ಬೀದಿದೀಪ. ಇದನ್ನು ಮೊದಲೇ ತೀರ್ಮಾನಿಸಿದರೆ ಯಾರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ತಾನಾಗಿಯೇ ಇತ್ಯರ್ಥವಾಗುತ್ತದೆ.

## ಹಂತ 3: ಅವನು ಯಾಕೆ ಇಷ್ಟು ಬೇಗ ಏಳುತ್ತಾನೆ?

‘ಅಭ್ಯಾಸ’ ಎಂದು ಉತ್ತರಿಸಿದರೆ ಕಥೆ ಅಲ್ಲಿಗೇ ನಿಂತಿತು. ‘ಮನೆಯವರ ಮೇಲಿನ ಪ್ರೀತಿ’ ಎಂದರೂ ಅಷ್ಟೇ. ಅಭ್ಯಾಸ ಕಥೆಯಾಗಬೇಕಾದರೆ ಅದು ಇತ್ತೀಚೆಗೆ ಸ್ವಲ್ಪ ಬದಲಾಗಿರಬೇಕು, ಆ ಬದಲಾವಣೆಗೆ ಹೇಳಿಕೊಳ್ಳಲಾಗದ ಕಾರಣವಿರಬೇಕು.

ನಮ್ಮ ಕಥೆಯಲ್ಲಿ ಮೊದಲಿದ್ದ ವ್ಯವಸ್ಥೆ ಬೇರೆ. ರಾತ್ರಿ ಸುಧಾ ಫಿಲ್ಟರಿಗೆ ಪುಡಿ ಹಾಕಿಟ್ಟು ಮಲಗುತ್ತಿದ್ದಳು, ತಾತ ಐದೂಕಾಲಕ್ಕೆ ಎದ್ದು ನೀರು ಸುರಿಯುತ್ತಿದ್ದ. ಎರಡು ತಿಂಗಳಿಂದ ಅವನೇ, ‘ಪುಡೀನೂ ನಾನೇ ಹಾಕ್ಕೋತೀನಿ ಬಿಡಮ್ಮ, ರಾತ್ರಿಯಿಡೀ ಘಮ ಹೋಗುತ್ತೆ’ ಎಂದು ಆ ಕೆಲಸವನ್ನು ತೆಗೆದುಕೊಂಡಿದ್ದಾನೆ. ಕಾರಣ ಕೇಳಲು ಸರಿಯಾಗಿಯೇ ಇದೆ, ಯಾರಿಗೂ ಸಂಶಯವಿಲ್ಲ.

ನಿಜವಾದ ಕಾರಣ ಪುಡಿಯ ಡಬ್ಬಿಯಲ್ಲಿದೆ. ಈ ಮನೆಯಲ್ಲಿ ದಿನಸಿ ಮಗನ ಲೆಕ್ಕ, ಕಾಫಿಪುಡಿ ತಾತನ ಪಿಂಚಣಿಯ ಲೆಕ್ಕ. ಬ್ರೆಜಿಲಿನ ಬರದ ನಂತರ ಏರುತ್ತಲೇ ಬಂದ ಅರೇಬಿಕಾ ಕಾಫಿಯ ಬೆಲೆ 2025ರ ಆರಂಭದಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ದಾಖಲೆ ಮಟ್ಟ ಮುಟ್ಟಿತು, ನಮ್ಮ ಊರಿನ ಪುಡಿ ಅಂಗಡಿಯ ಹಲಗೆಯಲ್ಲೂ ಅಂಕಿಗಳು ಬದಲಾಗುತ್ತಾ ಹೋದವು. ತಾತ ಎಂಬತ್ತು-ಇಪ್ಪತ್ತು ಕೊಳ್ಳುತ್ತಿದ್ದವನು, ಅಂದರೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಈಗ ಅರವತ್ತು-ನಲವತ್ತಕ್ಕೆ ಇಳಿದಿದ್ದಾನೆ. ಮನೆಯಲ್ಲಿ ಹೇಳಿಲ್ಲ. ಅಂಗಡಿಯಿಂದ ಬಂದವನೇ ಹಳೆಯ ಡಬ್ಬಿಗೆ ಸುರಿದು, ಖಾಲಿ ಪೊಟ್ಟಣವನ್ನು ಹಳೆ ಪೇಪರಿನ ಕಟ್ಟಿನೊಳಗೆ ಸೇರಿಸುತ್ತಾನೆ. ಯಾಕೆಂದರೆ ಪೊಟ್ಟಣದ ಮೇಲೆ ಎರಡರ ಪಾಲೂ ಅಚ್ಚಾಗಿರುತ್ತದೆ, ಅದನ್ನು ನಮೂದಿಸಲೇಬೇಕೆಂದು ಕಾನೂನಿದೆ. ಕಾಫಿ ಕನಿಷ್ಠ 51 ಪಾಲು ಇರಬೇಕೆಂಬ ನಿಯಮವೂ ಇರುವುದರಿಂದ ತಾತ ಕೊಂಡದ್ದರಲ್ಲಿ ಮೋಸವೇನೂ ಇಲ್ಲ. ಅವನ ಮಟ್ಟಿಗೆ ಇದೆ, ಅಷ್ಟೇ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಗುಟ್ಟನ್ನು ದೊಡ್ಡದು ಮಾಡುವುದು. ತಾತನಿಗೆ ಕ್ಯಾನ್ಸರ್, ತಾತ ಮನೆ ಅಡವಿಟ್ಟಿದ್ದಾನೆ, ತಾತನ ಹಳೆಯ ಪ್ರೇಯಸಿಗೆ ಕಾಫಿ ಇಷ್ಟವಿತ್ತು. ಇಂಥ ಗುಟ್ಟಿಗೆ ಡಿಕಾಕ್ಷನ್ ಬೇಕಾಗಿಲ್ಲ, ಅದು ದೋಸೆಹಿಟ್ಟಿನ ಕಥೆಯಲ್ಲೂ ನಡೆಯುತ್ತದೆ. ಗುಟ್ಟು ಕಾಫಿಯೊಳಗೇ ಇದ್ದರೆ ಪ್ರತಿಯೊಂದು ಲೋಟವೂ ಅದನ್ನು ಬಯಲು ಮಾಡುವ ಅಪಾಯವಾಗುತ್ತದೆ.

ಆ ಅಪಾಯ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಚಿಕೋರಿಯ ಗುಣ ಗೊತ್ತಿರಬೇಕು. ಚಿಕೋರಿ ಬೇರಿನ ಪುಡಿ. ನೀರಿನಲ್ಲಿ ಬೇಗ ಕರಗಿ ಬಣ್ಣ ಬಿಡುತ್ತದೆ, ಡಿಕಾಕ್ಷನ್ ಗಟ್ಟಿಯಾಗಿ ಕಾಣುತ್ತದೆ, ನಾಲಗೆಗೆ ಒಂದು ಬಗೆಯ ಸಿಹಿಗಹಿ. ಕಡಿಮೆಯಾಗುವುದು ಘಮ. ಅಂದರೆ ಕಣ್ಣಿಗೆ ಕಾಫಿ ಮೊದಲಿಗಿಂತ ಚೆನ್ನಾಗಿದೆ, ಮೂಗಿಗೆ ಏನೋ ಕೊರತೆ. ಹಾಗಾಗಿ ಮಗ ಲೋಟ ನೋಡಿ ಹೇಳುವ ಮಾತು ಇದು:

> ‘ಬಣ್ಣ ಚೆನ್ನಾಗಿ ಬಂದಿದೆ ಅಣ್ಣ ಇವತ್ತು.’
> ತಾತ ಟವೆಲ್ಲಿನಿಂದ ಕಟ್ಟೆ ಒರೆಸಿದ. ಕಟ್ಟೆ ಒಣಗಿಯೇ ಇತ್ತು.

ತಾತನಿಗೆ ಮುಜುಗರವಾಯಿತು ಎಂದು ಬರೆಯುವ ಅಗತ್ಯವೇ ಇಲ್ಲ.

## ಹಂತ 4: ನೋಡುವವರನ್ನು ಆರಿಸಿ

ದೊಡ್ಡವನಾದ ಮೊಮ್ಮಗ ಅಮೆರಿಕದಲ್ಲಿ ಕೂತು ನೆನಪಿಸಿಕೊಳ್ಳುವುದು ಬೇಡ. ಆ ನೆನಪಿನ ಚೌಕಟ್ಟು ಹಾಕಿದ ಕೂಡಲೇ ತಾತ ಸತ್ತಿದ್ದಾನೆಂದು ಓದುಗನಿಗೆ ಗೊತ್ತಾಗುತ್ತದೆ, ಮಿಕ್ಕದ್ದೆಲ್ಲ ತಿಥಿಯ ಮಾತಾಗುತ್ತದೆ.

ತಾತನ ಕಣ್ಣಿನಿಂದ ಬರೆದರೆ ಗುಟ್ಟನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕಾಗುತ್ತದೆ. ಹೇಳದೆ ಮುಚ್ಚಿಟ್ಟರೆ ಓದುಗನಿಗೆ ಮಾಡಿದ ಮೋಸ. ಸುಧಾಳ ಕಣ್ಣು ಆಗಬಹುದಿತ್ತು, ಆದರೆ ಅವಳು ಆ ಹೊತ್ತಿಗೆ ನಿದ್ದೆಯಲ್ಲಿದ್ದಾಳೆ. ಉಳಿದವಳು ಅನಘ. ಅವಳಿಗೆ ತಾತನ ಚಲನೆ ಕಾಣುತ್ತದೆ, ಕಾರಣ ಗೊತ್ತಿಲ್ಲ. ಅವಳು ನಡುಮನೆಯ ಮೇಜಿನ ಮುಂದೆ ಕೂತಿದ್ದಾಳೆ, ಅಡುಗೆಮನೆಯ ಬಾಗಿಲಿನಲ್ಲಿ ಅವಳಿಗೆ ಕಾಣುವುದು ತಾತನ ಬೆನ್ನು ಮತ್ತು ಬಲಗೈ. ಈ ಮಿತಿಯನ್ನು ಕಥೆಯುದ್ದಕ್ಕೂ ಮುರಿಯಬೇಡಿ. ಅನಘ ನೋಡುವಂತೆ ಬರೆಯುತ್ತಾ ಇದ್ದಕ್ಕಿದ್ದಂತೆ ‘ತಾತನ ಕಣ್ಣಂಚಿನಲ್ಲಿ ನೀರು ತುಂಬಿತು’ ಎಂದು ಬಂದರೆ, ಬೆನ್ನಿನ ಮೇಲೆ ಕಣ್ಣಿದೆಯೇ ಎಂದು ಕೇಳಿಕೊಳ್ಳಿ.

ಅವಳಿಗೆ ಒಂದು ಸಾಧನವೂ ಬೇಕು. ಆಹಾರದ ಕಲಬೆರಕೆ ಪತ್ತೆಹಚ್ಚುವ ಚಟುವಟಿಕೆಯನ್ನು ಅವಳ ವಿಜ್ಞಾನದ ಟೀಚರ್ ನವೆಂಬರಿನಲ್ಲಿ ಮಾಡಿಸಿದ್ದಾರೆ. ಗಾಜಿನ ಲೋಟದಲ್ಲಿ ತಣ್ಣೀರು, ಅದರ ಮೇಲೆ ಒಂದು ಚಿಟಿಕೆ ಪುಡಿ. ಕಾಫಿ ಸ್ವಲ್ಪ ಹೊತ್ತು ಮೇಲೇ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದು ಗೆರೆ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ. ಮನೆಯಲ್ಲೇ ಮಾಡಬಹುದಾದ, ಗೊತ್ತಿರುವ ಪರೀಕ್ಷೆ ಇದು.

ಇಲ್ಲಿ ಒಂದು ಬಲೆ ಇದೆ, ನಾನೂ ಮೊದಲ ಕರಡಿನಲ್ಲಿ ಬಿದ್ದಿದ್ದೆ. ಎಂಬತ್ತು-ಇಪ್ಪತ್ತರಲ್ಲೂ ಚಿಕೋರಿ ಇದ್ದೇ ಇದೆ. ಹಾಗಾಗಿ ಗೆರೆ ಕಂಡಿತೆಂದ ಮಾತ್ರಕ್ಕೆ ಹುಡುಗಿಗೆ ಏನೂ ತಿಳಿಯುವುದಿಲ್ಲ. ಅವಳಿಗೆ ಹೋಲಿಸಿ ನೋಡಲು ಹಳೆಯದೊಂದು ಬೇಕು. ನವೆಂಬರಿನಲ್ಲಿ ಅವಳು ಇದೇ ಡಬ್ಬಿಯ ಪುಡಿಯನ್ನು ಶಾಲೆಗೆ ಒಯ್ದಿದ್ದಳು, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಲೋಟದ ಚಿತ್ರ ಬರೆದು ಮೂರು ಗೆರೆ ಎಳೆದಿದ್ದಳು. ಈಗ ಅದೇ ನೋಟ್‌ಬುಕ್ ಪರೀಕ್ಷೆಗೆಂದು ತೆರೆದಿದೆ. ಕಣ್ಣೆದುರಿನ ಲೋಟದಲ್ಲಿ ಗೆರೆ ಎಣಿಸಲು ಆಗದಷ್ಟಿದ್ದರೆ ಅವಳಿಗೂ ಅರ್ಥವಾಗುತ್ತದೆ, ಓದುಗನಿಗೂ.

## ಹಂತ 5: ಏನಾದರೂ ಕೆಡಲಿ, ಆದರೆ ಫಿಲ್ಟರ್ ಕೆಡುವ ರೀತಿಯಲ್ಲೇ ಕೆಡಲಿ

ಎಲ್ಲ ದಿನದಂತೆ ನಡೆದ ಬೆಳಗಿನಲ್ಲಿ ಹುಡುಗಿ ಓದುತ್ತಾ ಕೂರುತ್ತಾಳೆ, ಅಡುಗೆಮನೆಗೆ ಹೋಗುವುದಿಲ್ಲ. ಅವಳನ್ನು ಎಬ್ಬಿಸಲು ಒಂದು ಅಡಚಣೆ ಬೇಕು. ಕರೆಂಟು ಹೋಯಿತು, ಬೆಕ್ಕು ಹಾರಿತು ಎಂದೆಲ್ಲ ಹುಡುಕಬೇಕಾಗಿಲ್ಲ. ಫಿಲ್ಟರ್ ಹನಿಸುವುದನ್ನು ನಿಲ್ಲಿಸಿದರೆ ಸಾಕು.

ಅದು ನಿಲ್ಲಲು ನಾಲ್ಕು ಕಾರಣಗಳಿವೆ. ಪುಡಿ ತೀರಾ ನುಣ್ಣಗಿರುವುದು; ಬಿಲ್ಲೆಯನ್ನು ಅದುಮಿರುವುದು; ಕಾಫಿಯ ಜಿಡ್ಡು, ಗಡಸು ನೀರಿನ ಉಪ್ಪು ಸೇರಿ ತೂತುಗಳು ಕಟ್ಟಿಕೊಂಡಿರುವುದು; ಮೇಲಿನ ಪಾತ್ರೆ ಕೆಳಗಿನದರ ಮೇಲೆ ಬಿಗಿಯಾಗಿ ಕೂತು ಒಳಗಿನ ಗಾಳಿ ಹೊರಬರಲು ದಾರಿ ಇಲ್ಲದಿರುವುದು. ಚಿಕೋರಿ ಹೆಚ್ಚಾದಷ್ಟೂ ಪುಡಿ ನೀರು ಹೀರಿ ಮುದ್ದೆಗಟ್ಟಿ ಇಳಿಯುವುದು ನಿಧಾನವಾಗುತ್ತದೆ ಎಂಬುದೂ ಸೇರಿಕೊಂಡಿದೆ. ತಾತ ಮೊದಲಿಗಿಂತ ಅರ್ಧ ಗಂಟೆ ಮುಂಚೆ ಏಳುವುದಕ್ಕೆ ಅದು ಎರಡನೆಯ ಕಾರಣ, ಕಥೆಯಲ್ಲಿ ಇದನ್ನು ಹೇಳುವುದೇ ಇಲ್ಲ.

ಆ ನಾಲ್ಕರಲ್ಲಿ ಕೊನೆಯದನ್ನು, ಗಾಳಿ ಸಿಕ್ಕಿಕೊಳ್ಳುವುದನ್ನು, ನಾನು ಆರಿಸಿಕೊಂಡೆ, ಯಾಕೆಂದರೆ ಅದನ್ನು ಒಂದು ಮಗುವೂ ಸರಿಮಾಡಬಹುದು. ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ ತಿರುಗಿಸಿ ಕೂರಿಸಿದರೆ ಗಾಳಿ ಹೊರಟು ಹನಿ ಮತ್ತೆ ಶುರುವಾಗುತ್ತದೆ. ತೂತು ಕಟ್ಟಿದ್ದರೆ ಡಿಕಾಕ್ಷನ್ ಮುಗಿದ ಮೇಲೆ ಸ್ಟೀಲ್ ಪಾತ್ರೆಯನ್ನು ಉರಿಯ ಮೇಲೆ ಹಿಡಿದು ಜಿಡ್ಡು ಸುಟ್ಟು, ತಣ್ಣಗಾದ ಮೇಲೆ ಬ್ರಷ್ಷಿನಿಂದ ಉಜ್ಜಬೇಕು. ಅದು ಭಾನುವಾರದ ಕೆಲಸ, ಈ ಕಥೆಗೆ ಒದಗುವುದಿಲ್ಲ.

> ತಾತ ಹೊರಟ ಮೇಲೆ ಮನೆಯಲ್ಲಿ ಎರಡೇ ಶಬ್ದ. ಅಜ್ಜಿಯ ಉಸಿರು, ಅಡುಗೆಮನೆಯ ತೊಟ್. ಅನಘ ಪಾಠದ ಎರಡನೇ ಪುಟಕ್ಕೆ ಬಂದಾಗ ಒಂದೇ ಶಬ್ದ ಉಳಿದಿತ್ತು.

ಶಬ್ದ ನಿಂತದ್ದೇ ಅವಳನ್ನು ಎಬ್ಬಿಸಿತು. ಮೊದಲ ಹಂತದಲ್ಲಿ ಕಿವಿಗೊಟ್ಟು ಬರೆದುಕೊಂಡ ‘ತೊಟ್’ ಇಲ್ಲಿ ಕೆಲಸಕ್ಕೆ ಬಂತು. ಅವಳು ಪಾತ್ರೆಯನ್ನು ತಿರುಗಿಸುತ್ತಾಳೆ, ಹನಿ ಶುರುವಾಗುತ್ತದೆ. ಪಕ್ಕದಲ್ಲಿ ಪುಡಿಯ ಡಬ್ಬಿ ಇದೆ. ಎಂದಿನಂತೆ ಕಪಾಟಿನೊಳಗಿಲ್ಲ, ಕಟ್ಟೆಯ ಮೇಲೆ, ಮುಚ್ಚಳ ವಾರೆಯಾಗಿ. ಅವಳು ಬೇಕೆಂದೇ ಪತ್ತೇದಾರಿಕೆ ಮಾಡುವುದಿಲ್ಲ. ಈಗ ತಾನೇ ಓದಿದ ಪಾಠ, ಕೈಗೆ ಸಿಕ್ಕ ಡಬ್ಬಿ, ಪಕ್ಕದಲ್ಲಿ ಗಾಜಿನ ಲೋಟ. ಹದಿಮೂರು ವರ್ಷದ ಯಾರೇ ಆದರೂ ಒಂದು ಚಿಟಿಕೆ ಹಾಕಿಯೇ ಹಾಕುತ್ತಾರೆ.

## ಹಂತ 6: ಮಾತು ಕಡಿಮೆ, ಸಂಬೋಧನೆ ಸರಿಯಾಗಿ

ಈ ಕಥೆಗಳಲ್ಲಿ ತಾತಂದಿರು ಬೇಗ ಪ್ರವಚನಕ್ಕೆ ಇಳಿಯುತ್ತಾರೆ. ‘ಜೀವನವೂ ಡಿಕಾಕ್ಷನ್ ಥರ ಮಗು, ನಿಧಾನವಾಗಿ ಇಳಿಯಬೇಕು.’ ನಸುಕಿನಲ್ಲಿ ಎದ್ದ ಮನುಷ್ಯ ಹೀಗೆ ಮಾತಾಡುವುದನ್ನು ನಾನಂತೂ ಕೇಳಿಲ್ಲ. ಆ ಹೊತ್ತಿನ ಮಾತೆಂದರೆ ‘ಚಪ್ಪಲಿ ಎಲ್ಲಿ’, ‘ಚಿಲ್ಲರೆ ಇದೆಯಾ’, ‘ಬಾಗಿಲು ಹಾಕ್ಕೋ’. ಅವನ್ನೇ ಬರೆಯಿರಿ.

ಸಂಬೋಧನೆಯಲ್ಲಿ ಊರು ಗೊತ್ತಾಗಬೇಕು. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪನನ್ನು ‘ಅಣ್ಣ’ ಎನ್ನುತ್ತಾರೆ, ಹಾಗಾಗಿ ನಮ್ಮ ಕಥೆಯ ಮಗ ಹಾಗೇ ಕರೆಯುತ್ತಾನೆ. ಸುಧಾ ‘ಮಾವ’ ಎನ್ನುತ್ತಾಳೆ, ಬಹುವಚನದಲ್ಲಿ ಮಾತಾಡಿಸುತ್ತಾಳೆ. ಅನಘ ‘ತಾತ’ ಎಂದು ಏಕವಚನ. ಕಥೆ ಧಾರವಾಡದಲ್ಲೋ ಮಂಗಳೂರಿನಲ್ಲೋ ನಡೆದರೆ ಅವನು ‘ಅಜ್ಜ’ ಆಗುತ್ತಾನೆ, ಜೊತೆಗೆ ಬೆಳಗಿನ ಪೇಯ ಚಹವೇ ಇರಬಹುದೇ ಎಂದೂ ಯೋಚಿಸಬೇಕಾಗುತ್ತದೆ. ಮೊದಲ ಪುಟದಲ್ಲಿ ‘ಅಜ್ಜ’ ಮೂರನೇ ಪುಟದಲ್ಲಿ ‘ತಾತ’ ಆಗುವ ಹಸ್ತಪ್ರತಿಗಳನ್ನು ನಾನು ಅಲ್ಲಿಗೇ ಮುಚ್ಚಿಡುತ್ತೇನೆ, ಕ್ಷಮಿಸಿ.

ಸುಧಾಳಿಗೆ ಕಥೆಯಲ್ಲಿ ಒಂದೇ ಒಂದು ಮಾತು ಕೊಟ್ಟಿದ್ದೇನೆ, ಅದೂ ಹಿಂದಿನ ರಾತ್ರಿ, ಹಳೆ ಪೇಪರಿನ ಕಟ್ಟನ್ನು ರದ್ದಿಯವನಿಗೆ ಹಾಕಲು ಎತ್ತಿಡುವಾಗ: ‘ಮಾವ, ಈ ತಿಂಗಳು ಪುಡಿ ನಾನು ತರಲಾ? ಆ ಕಡೆಗೇ ಹೋಗ್ತೀನಿ.’ ತಾತ ‘ಬೇಡಮ್ಮ’ ಎನ್ನುತ್ತಾನೆ. ಅವಳಿಗೆ ಪೊಟ್ಟಣ ಸಿಕ್ಕಿದೆಯೋ ಇಲ್ಲವೋ ಕಥೆ ಹೇಳುವುದಿಲ್ಲ. ಮೊದಲ ಓದಿನಲ್ಲಿ ಇದು ಮಾಮೂಲಿ ಮಾತು, ಎರಡನೇ ಓದಿನಲ್ಲಿ ಬೇರೆ.

## ಹಂತ 7: ಕೊನೆ

ಮೂರು ಕೊನೆಗಳನ್ನು ಬರೆದು ನೋಡಿದೆ.

ಮೊದಲನೆಯದರಲ್ಲಿ ಮಗ ಎಲ್ಲವನ್ನೂ ತಿಳಿದು ಒಂದು ಕೆ.ಜಿ. ಎಂಬತ್ತು-ಇಪ್ಪತ್ತು ತಂದು ಡಬ್ಬಿಗೆ ಸುರಿಯುತ್ತಾನೆ. ಓದಿದವರು ‘ಅಯ್ಯೋ ಎಷ್ಟು ಚೆನ್ನಾಗಿದೆ’ ಎಂದರು. ಆಗಲೇ ಸಂಶಯ ಬಂತು. ತಾತ ಎರಡು ತಿಂಗಳು ಕಾಪಾಡಿಕೊಂಡ ಮರ್ಯಾದೆಯನ್ನು ಮಗ ಒಂದು ಕೆ.ಜಿ. ಪುಡಿಯಿಂದ ಕಿತ್ತುಕೊಂಡ ಹಾಗಾಯಿತು.

ಎರಡನೆಯದರಲ್ಲಿ ತಾತ ಎಲ್ಲರಿಗೂ ಹಂಚಿ, ತಳದ ಆ ಒಂದು ಗುಟುಕಿಗೆ ನೀರು ಬೆರೆಸಿ ತಾನು ಕುಡಿಯುತ್ತಾನೆ. ಲೆಕ್ಕ ಸರಿಯಿದೆ, 220ರಲ್ಲಿ ಇನ್ನೂರು ಹೋದರೆ ಉಳಿಯುವುದು ಅಷ್ಟೇ. ಆದರೆ ಐದನೆಯ ಲೋಟ ಅವನದೇ ಅಲ್ಲವೇ, ಅದನ್ನು ಯಾಕೆ ಬಿಟ್ಟ? ತ್ಯಾಗ ತೋರಿಸಲೆಂದು ನಾನೇ ಲೋಟ ಕಸಿದುಕೊಂಡಿದ್ದೆ. ತಾತನಿಗೆ ಕಾಫಿ ಎಂದರೆ ಪ್ರಾಣ, ಅವನು ಕುಡಿಯುತ್ತಾನೆ. ಆ ಗುಟುಕು ಫಿಲ್ಟರಿನಲ್ಲೇ ಇರಲಿ, ಹತ್ತು ಗಂಟೆಗೆ ಅಜ್ಜಿಗೆ ಆಗುತ್ತದೆ.

ಮೂರನೆಯದನ್ನು ಉಳಿಸಿಕೊಂಡೆ. ತಾತ ಹಾಲಿನ ಪ್ಯಾಕೆಟ್ಟು ಹಿಡಿದು ಹಿಂದಿನ ಬಾಗಿಲಿಗೆ ಬರುತ್ತಾನೆ. ಅನಘಳ ಮುಂದೆ ಗಾಜಿನ ಲೋಟ.

> ಪುಡಿ ಬಿದ್ದ ಕೂಡಲೇ ನೀರಿಗೆ ಕಂದು ಜಡೆಗಳು ಇಳಿದವು. ಅವಳು ಎಣಿಸಲು ಹೋದಳು, ಆರರ ನಂತರ ಒಂದಕ್ಕೊಂದು ಸೇರಿಕೊಂಡವು. ಚಿಲಕ ಸರಿದ ಶಬ್ದ ಕೇಳಿತು.
> ಚಮಚ ಹಾಕಿ ಗರಗರ ತಿರುಗಿಸಿದಳು. ಜಡೆಗಳು ಹೋಗಿ ನೀರೆಲ್ಲ ಒಂದೇ ಬಣ್ಣವಾಯಿತು. ಸಿಂಕಿಗೆ ಚೆಲ್ಲಿ ನಲ್ಲಿ ಬಿಟ್ಟಳು.
> ‘ಇಳೀತಾ ಪುಟ್ಟಿ?’
> ‘ಮಧ್ಯದಲ್ಲಿ ನಿಂತಿತ್ತು ತಾತ. ತಿರುಗಿಸಿದೆ. ಇಳೀತಿದೆ.’
> ತಾತ ಡಬ್ಬಿಯ ಮುಚ್ಚಳ ನೋಡಿದ. ವಾರೆಯಾಗಿದ್ದದ್ದು ನೆಟ್ಟಗಾಗಿತ್ತು.
> ‘ಹಾಲು ಇಡ್ತೀನಿ, ಓದ್ಕೋ ಹೋಗು’ ಎಂದ.

ಇಲ್ಲಿ ನಿಲ್ಲಿಸಿ. ಹುಡುಗಿ ತಾತನನ್ನು ಕಾಪಾಡಿದಳು, ತಾತನಿಗೂ ಅದು ತಿಳಿಯಿತು ಎಂದು ಇನ್ನೊಂದು ವಾಕ್ಯ ಸೇರಿಸುವ ಆಸೆ ಬರುತ್ತದೆ. ಅದನ್ನೆಲ್ಲ ಮುಚ್ಚಳ ಆಗಲೇ ಹೇಳಿಬಿಟ್ಟಿದೆ.

ಚಿಲಕ ಮತ್ತು ಮುಚ್ಚಳ ಎರಡನ್ನೂ ಹಿಂದೆಯೇ ಒಂದೊಂದು ಸಲ ತೋರಿಸಿರಬೇಕು ಎಂಬುದನ್ನು ಮರೆಯಬೇಡಿ. ಕೊನೆಯ ಪುಟದಲ್ಲಿ ಮೊದಲ ಸಲ ಕಾಣಿಸಿಕೊಂಡ ವಸ್ತುವಿಗೆ ಭಾರ ಇರುವುದಿಲ್ಲ.

## ಹಂತ 8: ತಿದ್ದುವಾಗ ನೋಡಬೇಕಾದ ಲಕ್ಷಣಗಳು

ಕರಡನ್ನು ಎರಡು ವಾರ ಎತ್ತಿಟ್ಟು ಮತ್ತೆ ತೆಗೆಯಿರಿ. ಕೆಳಗಿನವು ಕಂಡರೆ ಕಥೆ ಎಲ್ಲೋ ಕೈತಪ್ಪಿದೆ.

‘ಘಮ’ ಎಂಬ ಪದ ಮೂರಕ್ಕಿಂತ ಹೆಚ್ಚು ಸಲ ಬಂದಿದೆ. ನಮ್ಮ ಕಥೆಯಲ್ಲಿ ಘಮ ಕಡಿಮೆಯಾಗಿರುವುದೇ ವಿಷಯ, ಹಾಗಾಗಿ ಆ ಪದ ಒಂದೇ ಸಲ ಬರುತ್ತದೆ, ಅದೂ ತಾತನ ಸುಳ್ಳಿನಲ್ಲಿ.

ತಾತನ ಕೈ ನಡುಗುತ್ತದೆ. ಎಲ್ಲರ ಕಥೆಯಲ್ಲೂ ನಡುಗುತ್ತದೆ. ಕುದಿಯುವ ನೀರನ್ನು ಅಂಗೈಯಗಲದ ಪಾತ್ರೆಗೆ ಪ್ರತಿದಿನ ಚೆಲ್ಲದೆ ಸುರಿಯುವವನ ಕೈ ಅದು. ನಡುಗಿದರೆ ಸುಡುತ್ತದೆ, ಸುಟ್ಟರೆ ಅದೇ ಬೇರೆ ಕಥೆ.

ಡಿಕಾಕ್ಷನ್ ತಣ್ಣಗಾಯಿತೆಂದು ಯಾರೋ ಅದನ್ನು ಒಲೆಯ ಮೇಲಿಟ್ಟು ಕುದಿಸುತ್ತಾರೆ. ಕುದಿಸಿದರೆ ರುಚಿ ಕೆಟ್ಟು ಕಹಿಯಾಗುತ್ತದೆ, ಈ ತಾತ ಅದನ್ನು ಕಂಡರೆ ಕಿರುಚುತ್ತಾನೆ. ಬಿಸಿ ಬರಬೇಕಾದದ್ದು ಹಾಲಿನಿಂದ. ಹಾಲು ಉಕ್ಕಿ ಬಂದಾಗಲೇ ಬೆರೆಸಬೇಕು. 5:50ಕ್ಕೆ ಹಾಲು, ಆರಕ್ಕೆ ಮಗ ಎಂದು ಪಟ್ಟಿಯಲ್ಲಿ ಹಾಕಿದ್ದು ಆ ಲೆಕ್ಕಕ್ಕೇ.

ಚರಟದ ಬಗ್ಗೆ ಒಂದೂ ಸಾಲಿಲ್ಲ. ಇಳಿದ ಮೇಲೆ ಉಳಿಯುವ ಆ ಒದ್ದೆ ಪುಡಿಯನ್ನು ಯಾರೋ ಎಲ್ಲೋ ಹಾಕಲೇಬೇಕಲ್ಲ. ನಮ್ಮ ತಾತ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ತಟ್ಟುತ್ತಾನೆ. ಮೊದಲ ಪುಟದಲ್ಲೇ, ಏಳುತ್ತಲೇ, ನಿನ್ನೆಯದನ್ನು. ಹಿಂದಿನ ಬಾಗಿಲ ಚಿಲಕ ಓದುಗನಿಗೆ ಪರಿಚಯವಾಗುವುದು ಆಗಲೇ.

ಕಡೆಗೆ ಒಂದು ಪರೀಕ್ಷೆ. ಬೆಳಗ್ಗೆ ಫಿಲ್ಟರಿಗೆ ನೀರು ಸುರಿದು ಮುಚ್ಚಳ ಹಾಕಿ, ಪಕ್ಕದಲ್ಲೇ ನಿಂತು ಕಥೆಯನ್ನು ಗಟ್ಟಿಯಾಗಿ ಓದಲು ಶುರುಮಾಡಿ. ಡಿಕಾಕ್ಷನ್ ಪೂರ್ತಿ ಇಳಿದ ಮೇಲೂ ನೀವು ಓದುತ್ತಲೇ ಇದ್ದರೆ ಕಥೆ ಉದ್ದವಾಗಿದೆ. ಹೆಚ್ಚಾಗಿ ಕತ್ತರಿ ಹಾಕಬೇಕಾದದ್ದು ತಾತ ಏಳುವುದಕ್ಕೆ ಮುಂಚಿನ ಎರಡು ಪ್ಯಾರಾಗಳಿಗೆ, ಅವು ಕೋಳಿ ಕೂಗುವ ಪ್ಯಾರಾಗಳು.